ಮೇಂಟೆನೆನ್ಸ್ ಖರ್ಚನ್ನು ಎರಡು ದರದಲ್ಲಿ ಹಂಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆ ಹತ್ತಿರದ ಭೋಸರಿ, ಪಿಂಪ್ರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ನಮ್ಮ ಜನ ಬಹಳ ಇದ್ದಾರೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದು ಶಾಪ್ ಇನ್‌ಚಾರ್ಜ್ ಆದವರಿದ್ದಾರೆ, ಅಕೌಂಟ್ಸ್‌ನಲ್ಲಿ ಕೂತವರಿದ್ದಾರೆ. ತಿಂಗಳ ಕೊನೆಗೆ ಮೇಂಟೆನೆನ್ಸ್ ಖರ್ಚು ಹಂಚುವಾಗ ಈ ಎರಡು ಕಡೆಯವರ ನಡುವೆ ಜಗಳ ತಪ್ಪಿದ್ದಲ್ಲ. ಆ ಜಗಳದಲ್ಲಿ ನಾನು ಅಕೌಂಟ್ಸ್ ಕಡೆ ಕೂರುವವನು. ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಎಲ್ಲದಕ್ಕೂ ಒಂದೇ ಉದಾಹರಣೆ: ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ, ಅದರಲ್ಲಿ ಮಷಿನ್ ಶಾಪ್, ಪ್ರೆಸ್ ಶಾಪ್, ಪೇಂಟ್ ಶಾಪ್, ಈ ಮೂರಕ್ಕೂ ದುಡಿಯುವ ಒಂದು ಮೇಂಟೆನೆನ್ಸ್ ವಿಭಾಗ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಇಟ್ಟಿದ್ದೇನೆ.

ಎರಡು ದರ ಅಂದರೆ ಏನು?

ಮೇಂಟೆನೆನ್ಸ್ ವಿಭಾಗದ ಖರ್ಚಿನಲ್ಲಿ ಎರಡು ಜಾತಿ ಇವೆ. ಒಂದು, ಕೆಲಸ ಇರಲಿ ಬಿಡಲಿ ಆಗುವ ಖರ್ಚು. ಫಿಟ್ಟರ್‌ಗಳ ಸಂಬಳ, ಸೂಪರ್‌ವೈಸರ್ ಸಂಬಳ, ವೆಲ್ಡಿಂಗ್ ಸೆಟ್ಟು ಮತ್ತು ಟೂಲ್‌ಗಳ ಸವಕಳಿ, ಇವೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಉದಾಹರಣೆಯಲ್ಲಿ ಇದು ವರ್ಷಕ್ಕೆ 30 ಲಕ್ಷ ರೂಪಾಯಿ. ಇನ್ನೊಂದು, ಕೆಲಸ ಮಾಡಿದಷ್ಟೂ ಏರುವ ಖರ್ಚು. ಗ್ರೀಸ್, ಆಯಿಲ್, ವೆಲ್ಡಿಂಗ್ ರಾಡ್, ನಟ್ಟು ಬೋಲ್ಟು, ಕಾಟನ್ ವೇಸ್ಟ್, ಓವರ್‌ಟೈಮ್. ಇದು ಒಂದು ತಾಸು ಕೆಲಸಕ್ಕೆ 150 ರೂಪಾಯಿ ಬೀಳುತ್ತದೆ.

ಎರಡು ದರದ ಪದ್ಧತಿಯಲ್ಲಿ ಇವನ್ನು ಒಂದೇ ಗಂಟಿಗೆ ಕಟ್ಟುವುದಿಲ್ಲ. ಮೊದಲನೆಯದನ್ನು, ಯಾವ ಶಾಪ್ ತನಗೆ ಎಷ್ಟು ತಾಸಿನ ಸಾಮರ್ಥ್ಯ ಬೇಕು ಅಂತ ವರ್ಷದ ಮೊದಲೇ ಹೇಳಿತ್ತೋ ಆ ಲೆಕ್ಕದಲ್ಲಿ ಹಂಚುತ್ತೇವೆ. ಎರಡನೆಯದನ್ನು, ನಿಜವಾಗಿ ಬಳಸಿದ ತಾಸುಗಳ ಮೇಲೆ ಹಾಕುತ್ತೇವೆ.

ಮಹಾರಾಷ್ಟ್ರದ ಕರೆಂಟ್ ಕಂಪನಿ ಮಹಾವಿತರಣದ ಹೈ ಟೆನ್ಶನ್ ಬಿಲ್ ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಕೆವಿಎ ಮೇಲೆ ಡಿಮಾಂಡ್ ಚಾರ್ಜ್ ಬೇರೆ, ಉರಿಸಿದ ಯೂನಿಟ್ ಮೇಲೆ ಎನರ್ಜಿ ಚಾರ್ಜ್ ಬೇರೆ. ಮೊದಲನೆಯದು ನಿಮಗಾಗಿ ಸಿದ್ಧ ಇಟ್ಟಿದ್ದಕ್ಕೆ, ಎರಡನೆಯದು ನೀವು ತೆಗೆದುಕೊಂಡಿದ್ದಕ್ಕೆ.

ಒಂದೇ ದರ ಇದ್ದರೆ ಏನು ತೊಂದರೆ? ಎಷ್ಟು ಬಳಸಿದರೋ ಅಷ್ಟು ಕೊಡಲಿ, ನ್ಯಾಯ ಅದೇ ಅಲ್ವಾ?

ಮೇಲ್ನೋಟಕ್ಕೆ ನ್ಯಾಯ ಅನ್ನಿಸುತ್ತದೆ. ಲೆಕ್ಕ ಮಾಡಿ ನೋಡಿದರೆ ಇಲ್ಲ.

ವರ್ಷದ ಮೊದಲು ಮಷಿನ್ ಶಾಪ್ 5,000 ತಾಸು, ಪ್ರೆಸ್ ಶಾಪ್ 3,000, ಪೇಂಟ್ ಶಾಪ್ 2,000 ಬೇಕು ಅಂದಿದ್ದವು. ಒಟ್ಟು 10,000 ತಾಸು. ಅದನ್ನು ನಂಬಿಯೇ ಅಷ್ಟು ಜನರನ್ನು ಇಟ್ಟುಕೊಂಡೆವು. ಎಲ್ಲರೂ ಹೇಳಿದಷ್ಟೇ ಬಳಸಿದ್ದರೆ ಒಟ್ಟು ಖರ್ಚು 30 ಲಕ್ಷ ಮತ್ತು 15 ಲಕ್ಷ ಸೇರಿ 45 ಲಕ್ಷ. ತಾಸಿಗೆ 450 ರೂಪಾಯಿ. ಪ್ರೆಸ್ ಶಾಪ್ ಪಾಲಿಗೆ 13,50,000.

ವರ್ಷ ಮುಗಿದಾಗ ಆದದ್ದು ಬೇರೆ. ಮಷಿನ್ ಶಾಪ್ 4,000 ತಾಸು ಬಳಸಿತು. ಪೇಂಟ್ ಶಾಪ್‌ಗೆ ಆರ್ಡರ್ ಕಮ್ಮಿಯಾಗಿ ಬರೀ 1,000 ತಾಸು. ಪ್ರೆಸ್ ಶಾಪ್ ಮಾತ್ರ ಹೇಳಿದ ಹಾಗೆ ಸರಿಯಾಗಿ 3,000. ಒಟ್ಟು 8,000 ತಾಸು, ಖರ್ಚು 30 ಲಕ್ಷ ಮತ್ತು 12 ಲಕ್ಷ ಸೇರಿ 42 ಲಕ್ಷ. ಒಂದೇ ದರದಲ್ಲಿ ಹಂಚಿದರೆ ತಾಸಿಗೆ 525 ಆಗುತ್ತದೆ. ಪ್ರೆಸ್ ಶಾಪ್ ಬಿಲ್ 15,75,000.

ಈಗ ಪ್ರೆಸ್ ಶಾಪ್ ಇನ್‌ಚಾರ್ಜ್ ಬಂದು, "ಏನ್ರೀ ಸರ, ನಾ ಹೇಳಿದಷ್ಟ ತಾಸು ತಗೊಂಡೀನಿ, ಒಂದ್ ತಾಸು ಹೆಚ್ಚಿಲ್ಲ. ಮತ್ತ ಎರಡೂಕಾಲು ಲಕ್ಷ ಎಲ್ಲಿಂದ ಬಂತು?" ಅಂತ ಕೇಳಿದರೆ ನಮ್ಮ ಹತ್ತಿರ ಕೊಡಲು ಉತ್ತರವೇ ಇರುವುದಿಲ್ಲ. ಆ ಎರಡೂಕಾಲು ಲಕ್ಷ ಪೇಂಟ್ ಶಾಪ್ ಬಳಸದೆ ಬಿಟ್ಟ ಸಾಮರ್ಥ್ಯದ ಖರ್ಚು. ಬಳಸದವರ ಬಾಕಿಯನ್ನು ಬಳಸಿದವರ ತಲೆಗೆ ಕಟ್ಟಿದ ಹಾಗಾಯಿತು.

ಎರಡು ದರದಲ್ಲಿ ಅದೇ ವರ್ಷವನ್ನು ನೋಡಿ. ಸ್ಥಿರ ಖರ್ಚಿನ ದರ 30 ಲಕ್ಷವನ್ನು 10,000ದಿಂದ ಭಾಗಿಸಿದರೆ ತಾಸಿಗೆ 300. ಮಷಿನ್ ಶಾಪ್‌ಗೆ 15 ಲಕ್ಷ ಸ್ಥಿರ, 6 ಲಕ್ಷ ಬಳಕೆಯದು, ಒಟ್ಟು 21 ಲಕ್ಷ. ಪ್ರೆಸ್ ಶಾಪ್‌ಗೆ 9 ಲಕ್ಷ ಮತ್ತು 4.5 ಲಕ್ಷ, ಒಟ್ಟು 13,50,000, ಅಂದರೆ ವರ್ಷದ ಮೊದಲು ಅಂದುಕೊಂಡಷ್ಟೇ. ಪೇಂಟ್ ಶಾಪ್‌ಗೆ 6 ಲಕ್ಷ ಮತ್ತು 1.5 ಲಕ್ಷ, ಒಟ್ಟು 7,50,000. ಒಂದೇ ದರದಲ್ಲಿ ಅದು 5,25,000 ಕೊಟ್ಟು ಕೈ ತೊಳೆದುಕೊಳ್ಳುತ್ತಿತ್ತು.

ಮಷಿನ್ ಶಾಪ್‌ಗೆ ಎರಡೂ ರೀತಿಯಲ್ಲಿ 21 ಲಕ್ಷವೇ ಬಂತು ಅನ್ನುವುದನ್ನೂ ಗಮನಿಸಿ. ಸಾಮರ್ಥ್ಯದಲ್ಲೂ ಅರ್ಧ ಅದರದ್ದು, ಬಳಕೆಯಲ್ಲೂ ಅರ್ಧ ಅದರದ್ದು. ಎಲ್ಲರ ಬಳಕೆಯೂ ಒಂದೇ ಪ್ರಮಾಣದಲ್ಲಿ ಏರಿಳಿದರೆ ಎರಡು ಪದ್ಧತಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಒಬ್ಬರು ಕುಸಿದು ಒಬ್ಬರು ನಿಂತಾಗಲೇ ಗೊತ್ತಾಗುವುದು.

300 ಮತ್ತು 150, ಈ ಅಂಕಿಗಳು ಬಂದದ್ದು ಎಲ್ಲಿಂದ?

ಮೊದಲ ಹೆಜ್ಜೆ, ಹಂಚಬಾರದ್ದನ್ನು ಹೊರಗೆ ತೆಗೆಯುವುದು. ಸಿಎನ್‌ಸಿ ಮಷಿನ್‌ಗಳ ಎಎಂಸಿ, ಅಂದರೆ ವರ್ಷದ ಮೇಂಟೆನೆನ್ಸ್ ಒಪ್ಪಂದದ ಬಿಲ್ ನೇರವಾಗಿ ಮಷಿನ್ ಶಾಪ್‌ನದು. ಪ್ರೆಸ್ಸಿನ ಕ್ಲಚ್ ಲೈನರ್ ಬದಲಿಸಿದರೆ ಆ ಲೈನರ್ ಬೆಲೆ ನೇರವಾಗಿ ಪ್ರೆಸ್ ಶಾಪ್‌ಗೆ ಹೋಗಬೇಕು. ಯಾವ ಮಷಿನ್ನಿಗೆ ಹೋಯಿತು ಅಂತ ಗೊತ್ತಿರುವ ದೊಡ್ಡ ಸ್ಪೇರ್ ಪಾರ್ಟ್‌ಗಳನ್ನು ಸಾಮಾನ್ಯ ಖರ್ಚಿಗೆ ಸೇರಿಸಿ ಆಮೇಲೆ ತಾಸಿನ ಮೇಲೆ ಹಂಚುವುದು ಬಹಳ ಕಡೆ ನಡೆಯುತ್ತದೆ. ಅಲ್ಲಿ ಎಷ್ಟು ದರ ಇಟ್ಟರೂ ಲೆಕ್ಕ ಸರಿಹೋಗುವುದಿಲ್ಲ.

ಆಮೇಲೆ ಉಳಿದದ್ದನ್ನು ಸ್ಥಿರ, ಬದಲಾಗುವ ಅಂತ ಒಡೆಯುವುದು. ಖಾತೆ ಖಾತೆಯಾಗಿ ನೋಡುವುದೇ ಒಳ್ಳೆಯದು. ಅದರ ಜೊತೆಗೆ ಹನ್ನೆರಡು ತಿಂಗಳ ಅಂಕಿ ಇಟ್ಟುಕೊಂಡು ಒಮ್ಮೆ ತಾಳೆ ನೋಡಿ. ಉದಾಹರಣೆಗೆ, ಕೆಲಸ ಅತಿ ಕಮ್ಮಿ ಇದ್ದ ತಿಂಗಳು 500 ತಾಸಿಗೆ 3,25,000 ಖರ್ಚಾಗಿದೆ. ಅತಿ ಜಾಸ್ತಿ ಇದ್ದ ತಿಂಗಳು 900 ತಾಸಿಗೆ 3,85,000. ನಾನೂರು ತಾಸು ಹೆಚ್ಚಾದಾಗ ಖರ್ಚು 60,000 ಹೆಚ್ಚಿತು, ಅಂದರೆ ತಾಸಿಗೆ 150. ಐನೂರು ತಾಸಿಗೆ 75,000 ಕಳೆದರೆ ಉಳಿಯುವ 2,50,000 ತಿಂಗಳ ಸ್ಥಿರ ಖರ್ಚು. ವರ್ಷಕ್ಕೆ 30 ಲಕ್ಷ.

ಈ ತಾಳೆ ಹಾಕುವಾಗ ದೀಪಾವಳಿ ಶಟ್‌ಡೌನ್ ತಿಂಗಳನ್ನು ಬಿಟ್ಟುಬಿಡಿ. ಆಗ ಇಡೀ ಲೈನ್ ಬಿಚ್ಚಿ ಓವರ್‌ಹಾಲ್ ಮಾಡುತ್ತಾರೆ, ಹೊರಗಿನ ಜನ ಬರುತ್ತಾರೆ, ಆ ತಿಂಗಳ ಖರ್ಚು ಉಳಿದ ತಿಂಗಳ ಹಾಗಿರುವುದಿಲ್ಲ. ಆ ಒಂದು ಅಂಕಿ ಸೇರಿದರೆ ಇಡೀ ದರ ಕೆಡುತ್ತದೆ.

ಸಾಮರ್ಥ್ಯ 10,000 ತಾಸು ಅಂತ ಹೇಗೆ ತೀರ್ಮಾನ ಮಾಡುವುದು?

ಆರು ಜನ ಫಿಟ್ಟರ್‌ಗಳು ಇದ್ದಾರೆ ಅಂದುಕೊಳ್ಳಿ. ವರ್ಷಕ್ಕೆ 300 ದಿನ, ದಿನಕ್ಕೆ ಎಂಟು ತಾಸು ಅಂದರೆ ಕಾಗದದ ಮೇಲೆ 14,400 ತಾಸು. ಆದರೆ ಒಬ್ಬೊಬ್ಬರ ರಜೆ, ತರಬೇತಿ ಅಂತ 25 ದಿನ ಹೋಗುತ್ತದೆ. ದಿನದಲ್ಲೂ ಚಹಾ, ಊಟ, ಸ್ಟೋರ್‌ನಿಂದ ಸಾಮಾನು ತರುವುದು, ಶಿಫ್ಟ್ ಒಪ್ಪಿಸುವುದು ಅಂತ ಎರಡು ತಾಸು ಕಳೆಯುತ್ತದೆ. ಆರು ಜನ, 275 ದಿನ, ಆರು ತಾಸು: 9,900. ಇದನ್ನೇ 10,000 ಅಂತ ಇಟ್ಟುಕೊಂಡಿದ್ದೇವೆ. ಕೈಗೆ ನಿಜವಾಗಿ ಸಿಗುವ ಸಾಮರ್ಥ್ಯ ಇಷ್ಟೇ.

14,400ರಿಂದ ಭಾಗಿಸಿದರೆ ದರ ಚಂದ ಕಾಣುತ್ತದೆ, ಆದರೆ ಸ್ಥಿರ ಖರ್ಚಿನ ಸುಮಾರು ಶೇಕಡಾ 30 ಯಾರಿಗೂ ಹೋಗದೆ ಉಳಿಯುತ್ತದೆ. ಹೋದ ವರ್ಷ ಬಳಸಿದ 8,000ದಿಂದ ಭಾಗಿಸಿದರೆ ದರ 375ಕ್ಕೆ ಏರುತ್ತದೆ. ಆಗ ಶಾಪ್‌ಗಳು ಇನ್ನೂ ಕಮ್ಮಿ ಕೇಳುತ್ತವೆ, ಮುಂದಿನ ವರ್ಷ ದರ ಇನ್ನೂ ಏರುತ್ತದೆ. ಈ ಸುಳಿಗೆ ಬಿದ್ದರೆ ಹೊರಬರುವುದು ಕಷ್ಟ.

ಆಗಸ್ಟ್‌ನಲ್ಲಿ ನಾವು 40 ತಾಸು ಬಳಸಿದೆವು. ಬಿಲ್ 56,000 ಬಂದಿದೆ. ತಾಸಿಗೆ 1,400 ಆಯಿತಲ್ಲ!

ಪೇಂಟ್ ಶಾಪ್‌ನವರ ಪ್ರಶ್ನೆ ಇದು. ಇದಕ್ಕೆ ಸಮಾಧಾನದಿಂದ ಉತ್ತರ ಹೇಳಬೇಕು, ಯಾಕೆಂದರೆ ಬಿಲ್ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ.

ನಿಮ್ಮ 56,000ದಲ್ಲಿ 50,000 ಆ ನಲವತ್ತು ತಾಸಿನದ್ದಲ್ಲ. ವರ್ಷಕ್ಕೆ 2,000 ತಾಸು ನನಗೆ ಬೇಕು ಅಂತ ನೀವು ಹೇಳಿದ್ದಕ್ಕೆ ಜನ ನಿಂತಿದ್ದಾರಲ್ಲ, ಅದರ ತಿಂಗಳ ಪಾಲು. ಓವನ್ ರಾತ್ರಿ ಎರಡಕ್ಕೆ ನಿಂತಿದ್ದರೆ ಅವರು ಓಡಿ ಬರುತ್ತಿದ್ದರು. ನಲವತ್ತು ತಾಸಿನ ಖರ್ಚು 6,000 ಮಾತ್ರ. ಬಿಲ್ಲಿನಲ್ಲಿ ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಲೇಬೇಕು. ಒಂದೇ ಮೊತ್ತ ಬರೆದು ಕಳಿಸಿದರೆ ಎರಡು ದರ ಮಾಡಿದ ಪ್ರಯೋಜನ ಅಲ್ಲಿಗೇ ಹೋಯಿತು. ಶೀಟ್‌ನಲ್ಲಿ ಇಷ್ಟು ಸಾಕು, ಒಂದೊಂದು ಕಾಲಂನಲ್ಲಿ ಒಂದೊಂದು:

```
=B2*300/12
=C2*150
```

B2ನಲ್ಲಿ ಆ ಶಾಪ್ ವರ್ಷಕ್ಕೆ ಕೇಳಿದ ತಾಸು, C2ನಲ್ಲಿ ಆ ತಿಂಗಳು ಬಳಸಿದ ತಾಸು.

ಹೊರಗಿನ ಕಾಂಟ್ರಾಕ್ಟರ್ ತಾಸಿಗೆ 380ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ನಮ್ಮವರು 450 ತೆಗೆದುಕೊಳ್ಳುತ್ತಾರೆ. ಹೊರಗೆ ಕೊಡಬಾರದೇ?

ನನ್ನ ದೃಷ್ಟಿಯಲ್ಲಿ ಎರಡು ದರ ಬೇಕಾಗಿರುವುದೇ ಈ ಪ್ರಶ್ನೆಗೆ. ನ್ಯಾಯದ ಮಾತು ಆಮೇಲೆ. ಒಂದೇ ದರ ಇದ್ದಲ್ಲಿ ತಪ್ಪು ತೀರ್ಮಾನ ಆಗಿ ಕಂಪನಿಯ ದುಡ್ಡು ನಿಜವಾಗಿ ಹೊರಗೆ ಹೋಗುತ್ತದೆ.

ಪೇಂಟ್ ಶಾಪ್ ಇನ್‌ಚಾರ್ಜ್ 800 ತಾಸಿನ ಕೆಲಸ ಹೊರಗೆ ಕೊಟ್ಟರು ಅಂದುಕೊಳ್ಳಿ. ಕನ್ವೇಯರ್ ಚೈನು, ಬೇರಿಂಗು, ಬ್ಲೋವರ್ ಕೆಲಸ. ಅವರ ಲೆಕ್ಕದಲ್ಲಿ ತಾಸಿಗೆ 70 ಉಳಿದು ಒಟ್ಟು 56,000 ಉಳಿತಾಯ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಕೈಯಲ್ಲಿರುವ ದರ ಅದನ್ನೇ ಹೇಳುತ್ತದೆ.

ಕಂಪನಿ ಕಡೆಯಿಂದ ನೋಡಿ. ಕಾಂಟ್ರಾಕ್ಟರ್‌ಗೆ ಕೊಟ್ಟದ್ದು 3,04,000. ನಮ್ಮಲ್ಲಿ ಉಳಿದದ್ದು 800 ತಾಸಿನ ಗ್ರೀಸು, ರಾಡು, ಸಾಮಾನು, ಅಂದರೆ 1,20,000. ಫಿಟ್ಟರ್‌ಗಳ ಸಂಬಳ ಒಂದು ರೂಪಾಯಿ ಕಮ್ಮಿಯಾಗಲಿಲ್ಲ, ಅವರು ಅಲ್ಲೇ ಇದ್ದಾರೆ. ಕಂಪನಿಗೆ 1,84,000 ನಷ್ಟ. ಜೊತೆಗೆ ಆ ಶಾಪ್ ಬಿಟ್ಟ ಸ್ಥಿರ ಖರ್ಚು ಉಳಿದ ಎರಡು ಶಾಪ್‌ಗಳ ಮೇಲೆ ಬೀಳುತ್ತದೆ. ದರ ಏರಿತು ಅಂತ ಅವರೂ ಹೊರಗೆ ನೋಡಲು ಶುರು ಮಾಡುತ್ತಾರೆ.

ಎರಡು ದರ ಇದ್ದರೆ ಇನ್‌ಚಾರ್ಜ್ ಕಣ್ಣ ಮುಂದೆ ಇರುವ ಹೋಲಿಕೆಯೇ ಬೇರೆ. ಹೊರಗೆ 380, ಒಳಗೆ 150. ಸ್ಥಿರ ಪಾಲು 6 ಲಕ್ಷ ಹೇಗೂ ಕೊಡಲೇಬೇಕು. ಅವರು ಫೋನ್ ಎತ್ತುವುದು ನಮ್ಮ ಮೇಂಟೆನೆನ್ಸ್‌ಗೇ.

ಹಾಗಾದರೆ ಹೊರಗೆ ಕೊಡುವುದು ಯಾವತ್ತೂ ತಪ್ಪಾ?

ಇಲ್ಲ. 150 ಅನ್ನುವುದು ಈ ವರ್ಷದ ತೀರ್ಮಾನಕ್ಕೆ ಸರಿ. ಜನರನ್ನು ಬದಲಿಸುವ ಅವಕಾಶ ಬಂದಾಗ ಲೆಕ್ಕ ಬದಲಾಗುತ್ತದೆ. ಒಬ್ಬ ಫಿಟ್ಟರ್ ನಿವೃತ್ತರಾಗುತ್ತಾರೆ, ಅವರ ವರ್ಷದ ಸಂಬಳ 3 ಲಕ್ಷ, ಅವರಿಂದ ಸಿಗುತ್ತಿದ್ದದ್ದು 1,650 ತಾಸು. ಆ ಜಾಗ ತುಂಬದೆ ಅಷ್ಟೂ ತಾಸು ಹೊರಗೆ ಕೊಟ್ಟರೆ ಉಳಿಯುವುದು 3,00,000 ಸಂಬಳ ಮತ್ತು 2,47,500 ಬಳಕೆಯ ಖರ್ಚು, ಒಟ್ಟು 5,47,500. ಕಾಂಟ್ರಾಕ್ಟರ್‌ಗೆ 380ರಂತೆ ಕೊಡುವುದು 6,27,000. ಆಗಲೂ ಒಳಗೆ ಮಾಡಿಸುವುದೇ ಅಗ್ಗ. ಅವನು 320ಕ್ಕೆ ಇಳಿದರೆ 5,28,000, ಆಗ ಹೊರಗೆ ಕೊಡುವುದು ಅಗ್ಗ.

ಆದರೆ ಈ ತೀರ್ಮಾನ ಒಬ್ಬ ಶಾಪ್ ಇನ್‌ಚಾರ್ಜ್ ಕೈಯದ್ದಲ್ಲ. ಪ್ಲಾಂಟ್ ಹೆಡ್, ಮೇಂಟೆನೆನ್ಸ್, ಅಕೌಂಟ್ಸ್ ಕೂತು ಮಾಡುವಂಥದ್ದು. ತಿಂಗಳ ಬಿಲ್ಲಿನ ದರದಿಂದ ಇದನ್ನು ತೀರ್ಮಾನ ಮಾಡಲು ಹೋಗಬೇಡಿ.

ಬಿಲ್ ಮಾಡುವುದು ಬಜೆಟ್ ದರದಲ್ಲಾ, ನಿಜವಾದ ಖರ್ಚಿನ ದರದಲ್ಲಾ?

ಬಜೆಟ್ ದರದಲ್ಲೇ. ವರ್ಷದ ಕೊನೆಗೆ ಸ್ಥಿರ ಖರ್ಚು 30 ಲಕ್ಷದ ಬದಲು 31,20,000 ಆಯಿತು, ಬಳಕೆಯ ಖರ್ಚು ತಾಸಿಗೆ 160 ಆಯಿತು ಅಂದುಕೊಳ್ಳಿ. ಮೊದಲನೆಯದರಲ್ಲಿ 1,20,000, ಎರಡನೆಯದರಲ್ಲಿ 8,000 ತಾಸಿಗೆ ಹತ್ತರಂತೆ 80,000, ಒಟ್ಟು 2 ಲಕ್ಷ ಹೆಚ್ಚು. ಇದು ಮೇಂಟೆನೆನ್ಸ್ ವಿಭಾಗದ ಖಾತೆಯಲ್ಲೇ ಉಳಿಯಬೇಕು. ಯಾಕೆ ಹೆಚ್ಚಾಯಿತು ಅಂತ ಮೇಂಟೆನೆನ್ಸ್ ಹೆಡ್ ಉತ್ತರ ಹೇಳಬೇಕು. ಇದನ್ನೂ ಶಾಪ್‌ಗಳಿಗೆ ಹಂಚಿಬಿಟ್ಟರೆ ಗ್ರೀಸ್ ಪೋಲಾಯಿತೋ ಬೆಲೆ ಏರಿತೋ ಅಂತ ಯಾರೂ ಕೇಳುವುದಿಲ್ಲ.

ಕಮ್ಮಿ ತಾಸು ಕೇಳಿದರೆ ಬಿಲ್ ಕಮ್ಮಿ. ಎಲ್ಲರೂ ಕಮ್ಮಿಯೇ ಕೇಳುವುದಿಲ್ಲವಾ?

ಕೇಳುತ್ತಾರೆ. ಈ ಪದ್ಧತಿಯ ದೊಡ್ಡ ದುರ್ಬಲ ಜಾಗ ಇದೇ. 2,000 ಬೇಕಾದವರು 1,500 ಅಂತ ಬರೆದು ಕೊಟ್ಟರೆ 1,50,000 ಉಳಿಸಿದ ಹಾಗೆ. ಆಮೇಲೆ ಬ್ರೇಕ್‌ಡೌನ್ ಆದಾಗ ಫಿಟ್ಟರ್ ಬರಲ್ಲ ಅಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

ನಾವು ಹಿಡಿಯುವ ದಾರಿ ಹೀಗಿದೆ. ಕೇಳಿದ ಅಂಕಿಯನ್ನು ಹಿಂದಿನ ಮೂರು ವರ್ಷದ ಜಾಬ್ ಕಾರ್ಡ್ ಜೊತೆ ಇಟ್ಟು ನೋಡುತ್ತೇವೆ. ವರ್ಷದ ಒಟ್ಟು ತಾಸಿಗಿಂತ ಅತಿ ಬಿಡುವಿಲ್ಲದ ತಿಂಗಳು ಎಷ್ಟು ಬೇಕಾಯಿತು ಅನ್ನುವುದು ಹೆಚ್ಚು ಹೇಳುತ್ತದೆ, ಯಾಕೆಂದರೆ ಜನರನ್ನು ಇಟ್ಟುಕೊಳ್ಳುವುದು ಆ ತಿಂಗಳನ್ನು ನೋಡಿಯೇ. ಆಮೇಲೆ ಒಂದು ನಿಯಮ: ಕೇಳಿದ ತಾಸು ಮುಗಿದ ಮೇಲೆ ಬಳಸುವ ಪ್ರತಿ ತಾಸಿಗೆ 150 ಅಲ್ಲ, 450 ಪೂರ್ತಿ. ಎರಡು ಶಾಪ್‌ನಿಂದ ಒಟ್ಟಿಗೆ ಕರೆ ಬಂದು ಒಬ್ಬನೇ ಫಿಟ್ಟರ್ ಇದ್ದರೆ, ತನ್ನ ತಾಸು ಇನ್ನೂ ಉಳಿಸಿಕೊಂಡಿರುವ ಶಾಪ್‌ಗೆ ಮೊದಲು. ಜೀವಕ್ಕೆ ಅಪಾಯ ಇರುವ ಕೆಲಸಕ್ಕೆ ಈ ನಿಯಮ ಇಲ್ಲ, ಅದು ಯಾವತ್ತೂ ಮೊದಲು.

ಇನ್ನೊಂದು ಮಾತು. ಒಬ್ಬರು 500 ತಾಸು ಬಿಟ್ಟುಕೊಟ್ಟರೆ ದರವನ್ನು 30 ಲಕ್ಷ ಭಾಗಿಸು 9,500 ಅಂತ ಮತ್ತೆ ಕಟ್ಟಬೇಡಿ. 300ರಲ್ಲೇ ಇಡಿ. ಯಾರೂ ಕೇಳದ ಆ 500 ತಾಸಿನ 1,50,000 ರೂಪಾಯಿ ಖಾಲಿ ಸಾಮರ್ಥ್ಯದ ಖರ್ಚು ಅಂತ ಪ್ಲಾಂಟ್ ಹೆಡ್ ರಿಪೋರ್ಟ್‌ನಲ್ಲಿ ಬೇರೆ ಸಾಲಾಗಿ ಕಾಣಲಿ. ಅದನ್ನು ಏನು ಮಾಡಬೇಕು ಅಂತ ಯೋಚಿಸುವ ಅಧಿಕಾರ ಇರುವುದು ಅವರಿಗೇ.

ಫಿಟ್ಟರ್ ನಿಧಾನ ಮಾಡಿದರೆ ನಮ್ಮ ತಾಸು ಏರುತ್ತದೆ. ಅದು ನಮ್ಮ ತಪ್ಪಾ?

ಅಲ್ಲ. ಅದಕ್ಕೇ ಪ್ರಿವೆಂಟಿವ್ ಮೇಂಟೆನೆನ್ಸ್ ಕೆಲಸಗಳಿಗೆ ಮೊದಲೇ ಒಪ್ಪಿದ ತಾಸು ಹಾಕುವುದು ಒಳ್ಳೆಯದು. ನಮ್ಮ ಕಡೆ ಬಹಳ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ, ಮಷಿನ್‌ಗಳು ನಿಂತಿರುವುದರಿಂದ ಅವತ್ತೇ ಈ ಕೆಲಸ ನಡೆಯುತ್ತದೆ. ಪ್ರೆಸ್ಸಿನ ಆಯಿಲ್ ಬದಲಿಸಿ ಬ್ರೇಕ್ ನೋಡಲು ನಾಲ್ಕು ತಾಸು ಅಂತ ಒಪ್ಪಿದ್ದರೆ, ಆರು ತಾಸು ಹಿಡಿದರೂ ಶಾಪ್‌ಗೆ ನಾಲ್ಕೇ. ಉಳಿದ ಎರಡು ಮೇಂಟೆನೆನ್ಸ್‌ನದು. ಬ್ರೇಕ್‌ಡೌನ್‌ಗೆ ಮಾತ್ರ ನಿಜವಾದ ತಾಸು, ಯಾಕೆಂದರೆ ಮಷಿನ್ ಹೇಗೆ ಬಳಸಿದರು ಅನ್ನುವುದು ಶಾಪ್ ಕೈಯಲ್ಲಿದೆ.

ತಾಸಿನ ದಾಖಲೆ ಸುಳ್ಳಾಗಿದೆ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಜಾಬ್ ಕಾರ್ಡ್‌ಗಳನ್ನು ಮುಂದೆ ಹರಡಿ. ಎಲ್ಲವೂ ನಾಲ್ಕು ತಾಸು, ಎಂಟು ತಾಸು ಅಂತ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಶಿಫ್ಟ್ ಮುಗಿದ ಮೇಲೆ ಕೂತು ತುಂಬಿದ್ದಾರೆ ಅಂತಲೇ ಅರ್ಥ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಮಷಿನ್ ಹತ್ತಿರವೇ ಬರೆದು, ಆ ಶಾಪ್‌ನ ಆಪರೇಟರ್ ಸಹಿ ಹಾಕಿದ ಕಾರ್ಡ್ ಇದ್ದರೆ ಮಾತ್ರ ಬಿಲ್ ಮಾಡಿ.

ಈ ಪೂರ್ತಿ ಖರ್ಚನ್ನು ಸ್ಟಾಕ್ ಬೆಲೆಗೆ ಸೇರಿಸಬಹುದಾ?

ಇಲ್ಲ, ಇಲ್ಲಿ ಎಚ್ಚರ ಬೇಕು. ಶಾಪ್‌ಗೆ ಬಿಲ್ ಮಾಡುವುದು ಒಳಗಿನ ಲೆಕ್ಕ. ಸ್ಟಾಕ್ ಬೆಲೆ ಕಟ್ಟುವಾಗ ಅದರ ಅಕೌಂಟಿಂಗ್ ಸ್ಟ್ಯಾಂಡರ್ಡ್ ಆದ ಇಂಡ್ ಎಎಸ್ 2 ಪ್ರಕಾರ ಸ್ಥಿರ ಉತ್ಪಾದನಾ ಖರ್ಚನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಾಕಬೇಕು. ಉತ್ಪಾದನೆ ಕಮ್ಮಿಯಾಯಿತು ಅಂತ ಒಂದೊಂದು ಪೀಸ್ ಮೇಲೆ ಹೆಚ್ಚು ಸ್ಥಿರ ಖರ್ಚು ಏರಿಸುವಂತಿಲ್ಲ. ಪೇಂಟ್ ಶಾಪ್‌ಗೆ ಬಂದ 6 ಲಕ್ಷದಲ್ಲಿ ಖಾಲಿ ಕೂತದ್ದರ ಪಾಲು ಆ ವರ್ಷದ ಖರ್ಚಾಗಿ ಹೋಗುತ್ತದೆ. ಕಾಸ್ಟ್ ಆಡಿಟ್ ಇರುವ ಕಂಪನಿಯಾದರೆ ಕಾಸ್ಟ್ ಅಕೌಂಟಿಂಗ್ ಸ್ಟ್ಯಾಂಡರ್ಡ್‌ಗಳಲ್ಲಿ ಸಾಮರ್ಥ್ಯಕ್ಕೆ ಸಿಎಎಸ್-2, ರಿಪೇರಿ ಮತ್ತು ಮೇಂಟೆನೆನ್ಸ್ ಖರ್ಚಿಗೆ ಸಿಎಎಸ್-12 ನೋಡಿಕೊಳ್ಳಿ.

ವರ್ಷದ ನಡುವೆ ಒಂದು ಲೈನ್ ಮುಚ್ಚಿದರೆ ಅಥವಾ ಹೊಸ ಪ್ರೆಸ್ ಬಂದರೆ?

ಆರ್ಡರ್ ಕಮ್ಮಿಯಾಯಿತು ಅನ್ನುವುದಕ್ಕೆ ಸ್ಥಿರ ಪಾಲು ಬದಲಿಸಬೇಡಿ. ಹಾಗೆ ಬದಲಿಸುತ್ತ ಹೋದರೆ ಹಿಂದಿನ ಬಾಗಿಲಿನಿಂದ ಒಂದೇ ದರ ವಾಪಸ್ ಬಂದ ಹಾಗೆ. ಮಷಿನ್ನೇ ಹೋಗಿದ್ದರೆ ಅಥವಾ ಬಂದಿದ್ದರೆ ಮಾತ್ರ ಬದಲಿಸಿ, ಅದೂ ಮುಂದಿನ ತ್ರೈಮಾಸಿಕದಿಂದ. ಹೊಸ ಪ್ರೆಸ್‌ಗೆ ವರ್ಷಕ್ಕೆ 400 ತಾಸು ಬೇಕು, ಪೇಂಟ್ ಶಾಪ್ ಹತ್ತಿರ ಖಾಲಿ ಇದೆ ಅಂದರೆ ಎರಡೂ ಇನ್‌ಚಾರ್ಜ್‌ಗಳು ಒಪ್ಪಿ ಬರೆದುಕೊಟ್ಟು ಆ 400 ತಾಸನ್ನು ಇಲ್ಲಿಂದ ಅಲ್ಲಿಗೆ ವರ್ಗಾಯಿಸಬಹುದು. ಪ್ರೆಸ್ ಶಾಪ್ ಸ್ಥಿರ ಪಾಲು ತಿಂಗಳಿಗೆ 10,000 ಏರುತ್ತದೆ, ಪೇಂಟ್ ಶಾಪ್‌ನದು ಅಷ್ಟೇ ಇಳಿಯುತ್ತದೆ, ಮಷಿನ್ ಶಾಪ್ ಬಿಲ್ ಹಾಗೇ ಇರುತ್ತದೆ.